ಕೊನೆಯ ಝಾಲಾದ ಮಾರ್ದನಿ ಶುರುವಿನಲ್ಲೇ ಕೇಳಿಸ್ತಿದೆ: ಎಫ್‌ಎಫ್‌ಟಿಗೆ ಮುಂಚೆ ಎಷ್ಟು ಸೊನ್ನೆ ಸೇರಿಸಬೇಕು?

ಮಾಳಮಡ್ಡಿ ಸಿತಾರ್

ನಮಸ್ಕಾರ ರೀ ಎಲ್ಲರಿಗೂ. ಧಾರವಾಡದ ಒಂದು ಹಳೇ ಕಲ್ಯಾಣ ಮಂಟಪದ ಮಾರ್ದನಿಯನ್ನು ಮನೆಯಲ್ಲಿ ಮಾಡಿದ ಸಿತಾರ್ ರೆಕಾರ್ಡಿಂಗಿಗೆ ಸೇರಿಸಬೇಕು ಅಂತ ಹೊರಟಿದ್ದೇನೆ. ಮಂಟಪ ಖಾಲಿ ಇದ್ದಾಗ ವೇದಿಕೆ ಮೇಲೆ ಬಲೂನ್ ಒಡೆದು, ಆ ಸದ್ದು ಅಡಗುವ ತನಕ ರೆಕಾರ್ಡ್ ಮಾಡಿಕೊಂಡೆ. ಅದು ಒಂದೂವರೆ ಸೆಕೆಂಡ್ ಇದೆ. ಸಿತಾರ್ ತುಣುಕು 10 ಸೆಕೆಂಡ್. ಎರಡೂ ಸೆಕೆಂಡಿಗೆ 48000 ಸ್ಯಾಂಪಲ್. ಅಂದರೆ ಸಿತಾರ್ x 480000 ಸ್ಯಾಂಪಲ್, ಬಲೂನ್ h 72000 ಸ್ಯಾಂಪಲ್.

ನೇರವಾಗಿ ಕನ್ವಲ್ಯೂಷನ್ ಮಾಡಿದರೆ ಸುಮಾರು 3456 ಕೋಟಿ ಗುಣಾಕಾರ ಆಗುತ್ತದೆ. ನನ್ನ ಲ್ಯಾಪ್‌ಟಾಪ್‌ಗೆ ಅದು ಭಾರ. ಅದಕ್ಕೆ ಎರಡರದ್ದೂ ಎಫ್‌ಎಫ್‌ಟಿ ತೆಗೆದು, ಗುಣಿಸಿ, ವಾಪಸ್ ತಂದೆ:

```python
N = len(x)          # 480000
y = np.fft.irfft(np.fft.rfft(x, N) * np.fft.rfft(h, N), N)
```

ಮಾರ್ದನಿ ಬಂತು, ಕೇಳೋಕೆ ಬಹಳ ಚೆಂದ ಇದೆ. ಆದರೆ ಒಂದು ತೊಂದರೆ. ನನ್ನ ತುಣುಕಿನ ಮೊದಲ ಅರ್ಧ ಸೆಕೆಂಡ್ ಪೂರ್ತಿ ಮೌನ. ತುಣುಕು ಮುಗಿಯುವುದು ಝಾಲಾದಲ್ಲಿ, ಚಿಕಾರಿ ತಂತಿಗೆ ಜೋರಾಗಿ ಹೊಡೆದ ಪೆಟ್ಟಿನೊಂದಿಗೆ. ಈಗ y ಕೇಳಿದರೆ ಆ ಮೊದಲ ಮೌನದಲ್ಲೇ ಚಿಕಾರಿಯ ಮಾರ್ದನಿ ಇದೆ! ನಾನಿನ್ನೂ ತಂತಿ ಮುಟ್ಟಿಲ್ಲ, ಆಗಲೇ ಯಾರೋ ಝಾಲಾ ಮುಗಿಸಿ ಎದ್ದುಹೋದ ಹಾಗೆ. ಕೊನೆಯಲ್ಲಿ ನೋಡಿದರೆ ಮಾರ್ದನಿ ಟಕ್ ಅಂತ ನಿಂತುಬಿಡುತ್ತದೆ. ಯಾಕೆ ಹೀಗೆ?

ಬೆಟಗೇರಿ ಸೌಂಡ್ಸ್

ಇದಕ್ಕೆ ಗಣಿತ ಯಾಕ್ರೀ. ಹಿಂದಿನ ಟೇಕಿನ ಬಾಲ ಉಳಿದುಕೊಂಡಿರುತ್ತದೆ. ಮದುವೆ ರೆಕಾರ್ಡಿಂಗಲ್ಲಿ ನಮಗೆ ದಿನಾ ಆಗುವಂಥದ್ದೇ. x ಫೈಲ್ ತೆಗೆದು ಮೊದಲ ಅರ್ಧ ಸೆಕೆಂಡ್ ಕತ್ತರಿಸಿ ಹಾಕ್ರಿ.

ಮಾಳಮಡ್ಡಿ ಸಿತಾರ್

ನೋಡಿದೆ ಅಣ್ಣಾ. x ಒಳಗೆ ಆ ಜಾಗದಲ್ಲಿ ಏನೂ ಇಲ್ಲ, ತೆರೆಯ ಮೇಲೆ ಗೆರೆ ಚಪ್ಪಟೆ ಇದೆ. ಗುಣಾಕಾರ ಆದ ಮೇಲೇ ಬರ್ತಿದೆ.

ಉಣಕಲ್ ಕೆರೆ ದಂಡೆ

ಎಫ್‌ಎಫ್‌ಟಿ ಉದ್ದ ಯಾವಾಗಲೂ 2ರ ಘಾತ ಇರಬೇಕು. ನೀವು 480000 ಕೊಟ್ಟಿದ್ದೀರಿ, ಅದಕ್ಕೇ ಗಲೀಜು ಬಂದಿದೆ. ಎರಡರಲ್ಲಿ ದೊಡ್ಡದು ಯಾವುದೋ ಅದರ ಮುಂದಿನ 2ರ ಘಾತ ಹಿಡಿಯಿರಿ. ಇಲ್ಲಿ 524288. ಅಷ್ಟಕ್ಕೆ ಸೊನ್ನೆ ತುಂಬಿ ಮಾಡಿದರೆ ಸರಿಹೋಗುತ್ತೆ. ನಮ್ಮ ಲ್ಯಾಬಲ್ಲಿ ಹೀಗೇ ಮಾಡೋದು.

ಮಾಳಮಡ್ಡಿ ಸಿತಾರ್

ಮಾಡಿದೆ. ಬಹುತೇಕ ಹೋಯಿತು! ಮೊಬೈಲ್ ಸ್ಪೀಕರಲ್ಲಿ ಶುರು ಪೂರ್ತಿ ಮೌನ. ಕೊನೆಯಲ್ಲಿ ಮಾರ್ದನಿಯೂ ಮೆಲ್ಲಗೆ ಇಳಿಯುತ್ತಿದೆ. ತುಂಬಾ ಥ್ಯಾಂಕ್ಸ್.

ಆದರೆ ಹೆಡ್‌ಫೋನ್ ಹಾಕಿ ವಾಲ್ಯೂಮ್ ಏರಿಸಿದರೆ ಶುರುವಿನಲ್ಲಿ ಏನೋ ಒಂದು ಸಣ್ಣಗೆ ಇದ್ದ ಹಾಗೆ ಅನಿಸ್ತಿದೆ. ನನ್ನ ಭ್ರಮೆಯೋ ಏನೋ.

ವಿದ್ಯಾಗಿರಿ ಟೀಚರ್

ಭ್ರಮೆ ಅಲ್ಲ, ಅದು ನಿಜವಾಗಿಯೂ ಅಲ್ಲಿದೆ. ಎಷ್ಟು ಹೊತ್ತು ಇದೆ ಅನ್ನೋದನ್ನೂ ಲೆಕ್ಕ ಹಾಕಿ ಹೇಳಬಹುದು. ಮೊದಲ 27711 ಸ್ಯಾಂಪಲ್, ಅಂದರೆ ಸುಮಾರು 0.58 ಸೆಕೆಂಡ್. ಯಾಕೆ ಅಂತ ಸಣ್ಣ ಅಂಕಿಗಳಲ್ಲಿ ನೋಡೋಣ, ದೊಡ್ಡ ಫೈಲಲ್ಲಿ ಇದು ಕಣ್ಣಿಗೆ ಬೀಳಲ್ಲ.

```python
>>> np.convolve([1,2,3,4], [1,1,1])
array([1, 3, 6, 9, 7, 4])
>>> F = np.fft
>>> F.ifft(F.fft([1,2,3,4],4) * F.fft([1,1,1],4)).real.round()
array([8., 7., 6., 9.])
```

ಮೊದಲನೆಯದು ಲೀನಿಯರ್ ಕನ್ವಲ್ಯೂಷನ್. ನಿಜವಾದ ಮಂಟಪದಲ್ಲಿ ನಡೆಯುವುದು ಇದೇ. 4 ಸಂಖ್ಯೆಯ x, 3 ಸಂಖ್ಯೆಯ h, ಉತ್ತರದಲ್ಲಿ 6 ಸಂಖ್ಯೆ. ಕೊನೆಯ ಪೆಟ್ಟು ಬಿದ್ದ ಮೇಲೂ h ಇನ್ನೆರಡು ಹೆಜ್ಜೆ ಉಳಿದಿರುತ್ತದೆ, ಅದಕ್ಕೇ 4 ಮತ್ತು 2 ಸೇರಿ 6.

ಎರಡನೆಯದರಲ್ಲಿ 4ರ ಎಫ್‌ಎಫ್‌ಟಿ ಮಾಡಿದ್ದೇವೆ. ನಾಲ್ಕು ಬಿನ್ ಒಳಗೆ ಹೋದರೆ ಹೊರಗೆ ಬರುವುದೂ ನಾಲ್ಕೇ ಸಂಖ್ಯೆ. ಹಾಗಾದರೆ ಉಳಿದ 7 ಮತ್ತು 4 ಎಲ್ಲಿಗೆ ಹೋದವು? ಉತ್ತರದ ಮೊದಲೆರಡು ಸಂಖ್ಯೆ ನೋಡಿ. 1 ಇರಬೇಕಾದಲ್ಲಿ 8 ಇದೆ, ಅದು 1+7. 3 ಇರಬೇಕಾದಲ್ಲಿ 7 ಇದೆ, ಅದು 3+4. ಜಾಗ ಸಾಲದೆ ಹೊರಗೆ ಚಾಚಿದ ಭಾಗ ಶುರುವಿಗೆ ಬಂದು ಮೊದಲಿದ್ದದ್ದರ ಮೇಲೆ ಕೂತುಬಿಟ್ಟಿದೆ. ನಿಮ್ಮ ಚಿಕಾರಿಗೆ ಆಗಿದ್ದೂ ಇದೇ. ಕೊನೆಯಲ್ಲಿ ಮಾರ್ದನಿ ಟಕ್ ಅಂತ ನಿಂತಿದ್ದು ಬೇರೆ ರೋಗ ಅಲ್ಲ, ಅಲ್ಲಿ ಕಾಣೆಯಾದದ್ದೇ ಇಲ್ಲಿ ಶುರುವಿನಲ್ಲಿ ಸಿಕ್ಕಿದೆ.

ಡಿಎಫ್‌ಟಿಗೆ ಈ ಸ್ವಭಾವ ಹುಟ್ಟಿನಿಂದಲೇ ಬಂದದ್ದು. ಅದು ಬಳಸುವ ಪ್ರತಿ ಅಲೆಯೂ N ಸ್ಯಾಂಪಲ್ಲಿಗೊಮ್ಮೆ ಸರಿಯಾಗಿ ಮೊದಲಿನ ಸ್ಥಿತಿಗೆ ಬರುತ್ತದೆ. ಹಾಗಾಗಿ 0ನೇ ಜಾಗಕ್ಕೂ Nನೇ ಜಾಗಕ್ಕೂ ಅದರ ಮಟ್ಟಿಗೆ ವ್ಯತ್ಯಾಸವೇ ಇಲ್ಲ. ಸ್ಪೆಕ್ಟ್ರಮ್‌ಗಳನ್ನು ಗುಣಿಸಿದರೆ ಸಿಗುವುದು ಯಾವಾಗಲೂ ಸರ್ಕ್ಯುಲರ್ ಕನ್ವಲ್ಯೂಷನ್ನೇ. ನಾವು ಮಾಡಬಹುದಾದದ್ದು ಇಷ್ಟೇ: N ಅನ್ನು ಸಾಕಷ್ಟು ದೊಡ್ಡದು ಮಾಡಿ, ಸುತ್ತಿ ಬರುವ ಭಾಗದಲ್ಲಿ ಸೊನ್ನೆ ಬಿಟ್ಟು ಬೇರೇನೂ ಇಲ್ಲದ ಹಾಗೆ ನೋಡಿಕೊಳ್ಳುವುದು. xನ ಉದ್ದ L, hನ ಉದ್ದ M ಅಂದರೆ ಲೀನಿಯರ್ ಉತ್ತರದ ಉದ್ದ L+M-1. ಹಾಗಾಗಿ N ಕನಿಷ್ಠ ಅಷ್ಟಿರಬೇಕು. ಮೇಲಿನ ಉದಾಹರಣೆಗೆ N=5 ಕೊಟ್ಟು ನೋಡಿ, 5 3 6 9 7 ಬರುತ್ತದೆ, ಇನ್ನೂ ಒಂದು ಸಂಖ್ಯೆ ತಪ್ಪು. N=6ಕ್ಕೆ ಎಲ್ಲ ಸರಿ. N=8 ಕೊಟ್ಟರೆ ಅದೇ ಆರು ಸಂಖ್ಯೆ, ಹಿಂದೆ ಎರಡು ಸೊನ್ನೆ.

ನಿಮ್ಮ ಲೆಕ್ಕದಲ್ಲಿ L+M-1 ಅಂದರೆ 551999. ನೀವು ಕೊಟ್ಟದ್ದು 524288. ಕಮ್ಮಿ ಬಿದ್ದದ್ದು 27711. ಅಷ್ಟೇ ಸ್ಯಾಂಪಲ್ ಶುರುವಿಗೆ ಬಂದು ಕೂತಿವೆ.

ಉಣಕಲ್ ಕೆರೆ ದಂಡೆ

ಮೇಡಂ, ಆದರೆ ನಾನು ಹೇಳಿದ ಮೇಲೆ ಸದ್ದು ಹೋಯಿತಲ್ಲ? 2ರ ಘಾತಕ್ಕೆ ಏನೂ ಪಾತ್ರ ಇಲ್ಲ ಅಂತೀರಾ?

ವಿದ್ಯಾಗಿರಿ ಟೀಚರ್

ಇಲ್ಲ ತಮ್ಮಾ. 2ರ ಘಾತ ವೇಗಕ್ಕೆ ಮಾತ್ರ. ಉತ್ತರ ಸರಿಯೋ ತಪ್ಪೋ ಅನ್ನೋದಕ್ಕೆ ಅದಕ್ಕೂ ಸಂಬಂಧ ಇಲ್ಲ. ನೀನು ಹೇಳಿದ್ದರಿಂದ 44288 ಸೊನ್ನೆ ಸೇರಿಕೊಂಡವು, ಅದು ಉಪಯೋಗಕ್ಕೆ ಬಂತು. ಎಷ್ಟರಮಟ್ಟಿಗೆ ಅಂದರೆ, ಚಿಕಾರಿಯ ಮಾರ್ದನಿಯ ಮೊದಲ 0.92 ಸೆಕೆಂಡ್ ಈಗ ಸರಿಯಾದ ಜಾಗದಲ್ಲಿ ಇದೆ. ಅದರಾಚೆಯದ್ದು ಮಾತ್ರ ಸುತ್ತಿ ಶುರುವಿಗೆ ಬರ್ತಿದೆ. ಮಾರ್ದನಿ ಒಂದೂವರೆ ಸೆಕೆಂಡಲ್ಲಿ 60 ಡೆಸಿಬೆಲ್ ಇಳಿಯುವ ಮಂಟಪ ಅಂತ ಇಟ್ಟುಕೊಂಡರೆ, 0.92 ಸೆಕೆಂಡಿಗೆ ಅದು ಆಗಲೇ ಸುಮಾರು 37 ಡೆಸಿಬೆಲ್ ಇಳಿದಿರುತ್ತದೆ. ಮೊಬೈಲ್ ಸ್ಪೀಕರಲ್ಲಿ ಅದು ಎಲ್ಲಿ ಕೇಳಿಸಬೇಕು.

ನನಗೆ ಹೆದರಿಕೆ ಇರುವುದು ಇಲ್ಲೇ. ಪೂರ್ತಿ ತಪ್ಪಾಗಿದ್ದರೆ ಎಲ್ಲರಿಗೂ ಗೊತ್ತಾಗುತ್ತದೆ, ಸರಿಪಡಿಸುತ್ತಾರೆ. ಈ ತರಹ ಮುಕ್ಕಾಲು ಸರಿಯಾದ ಕೋಡ್ ವರ್ಷಗಟ್ಟಲೆ ಹಾಗೇ ಓಡ್ತಿರುತ್ತದೆ. ಉದ್ದಗಳು ಬದಲಾದಾಗ ತಾನಾಗಿಯೇ ಸರಿ ಆಗುತ್ತೆ, ತಾನಾಗಿಯೇ ಕೆಡುತ್ತೆ. ನಿನ್ನ ನಿಯಮವನ್ನೇ 400000 ಸ್ಯಾಂಪಲ್ಲಿನ ತುಣುಕಿಗೆ ಹಾಕಿದರೆ ಉತ್ತರ ಪಕ್ಕಾ ಬರುತ್ತದೆ. ಯಾಕಂದರೆ 471999 ಸಾಕಾಗುವಲ್ಲಿ 524288 ಸಿಕ್ಕಿದೆ. ಆಗ ನಿಯಮವೇ ಸರಿ ಅಂತ ನಂಬಿಬಿಡುತ್ತೇವೆ. ಮೊದಲು L+M-1 ಲೆಕ್ಕ ಹಾಕು, ಆಮೇಲೆ ಅದಕ್ಕಿಂತ ದೊಡ್ಡ ಅನುಕೂಲದ ಸಂಖ್ಯೆ ಹುಡುಕು. ಕ್ರಮ ಹೀಗೆ.

ಆ ಅನುಕೂಲದ ಸಂಖ್ಯೆ 2ರ ಘಾತವೇ ಆಗಬೇಕಿಲ್ಲ. 551999ರ ಮುಂದಿನ 2ರ ಘಾತ 1048576, ಹತ್ತಿರ ಹತ್ತಿರ ಎರಡು ಪಟ್ಟು. ಅದರ ಬದಲು 552960 ಹಿಡಿಯಿರಿ. ಅದು 4096 × 135, ಒಳಗೆ 2, 3, 5 ಬಿಟ್ಟರೆ ಬೇರೆ ಅಪವರ್ತನ ಇಲ್ಲ. ಈಗಿನ ಎಫ್‌ಎಫ್‌ಟಿಗಳು ಇಂಥ ಉದ್ದವನ್ನು ಸಲೀಸಾಗಿ ಮಾಡುತ್ತವೆ. ಕೊನೆಗೆ `y[:551999]` ಇಟ್ಟುಕೊಂಡರೆ ಆಯಿತು.

ಬೆಟಗೇರಿ ಸೌಂಡ್ಸ್

ಮೇಡಂ, ಒಂದು ಮಾತು. ಸುತ್ತಿ ಬಂದದ್ದನ್ನು ಆಮೇಲೆ ತೆಗೆಯೋಕೆ ಆಗಲ್ವಾ? ಉತ್ತರಕ್ಕೆ ಕೊನೆಯಲ್ಲಿ ಸೊನ್ನೆ ಸೇರಿಸಿ, ಶುರುವಿನ ಭಾಗ ಎತ್ತಿ ಅಲ್ಲಿ ಇಟ್ಟರೆ?

ವಿದ್ಯಾಗಿರಿ ಟೀಚರ್

ಆಗಲ್ಲ ರೀ. 8 ನಿಮ್ಮ ಕೈಗೆ ಬಂದ ಮೇಲೆ ಅದರಲ್ಲಿ 1 ಯಾವುದು, 7 ಯಾವುದು ಅಂತ ಹೇಗೆ ಬಿಡಿಸುತ್ತೀರಿ. ಸೊನ್ನೆ ಸೇರಿಸೋದು ಎಫ್‌ಎಫ್‌ಟಿಗೆ ಮುಂಚೆ, x ಮತ್ತು h ಎರಡಕ್ಕೂ.

ನವನಗರ ಎರಡನೇ ಕ್ರಾಸ್

ಸೊನ್ನೆ ಸೇರಿಸೋದರ ಬಗ್ಗೆ ನಾನೂ ಹೇಳ್ತೇನೆ. ಸೊನ್ನೆ ಜಾಸ್ತಿ ಹಾಕಿದಷ್ಟೂ ಬಿನ್‌ಗಳು ಹತ್ತಿರ ಬರುತ್ತವೆ, ಫ್ರೀಕ್ವೆನ್ಸಿ ಸೂಕ್ಷ್ಮವಾಗಿ ಗೊತ್ತಾಗುತ್ತೆ. ಹಾಗಾಗಿ ನನ್ನ ಸಲಹೆ, ಹತ್ತು ಪಟ್ಟು ಸೊನ್ನೆ ಹಾಕಿ. ಸಿತಾರಿನ ತರಬ್ ತಂತಿಗಳೆಲ್ಲ ಬೇರೆ ಬೇರೆಯಾಗಿ ಕಾಣುತ್ತವೆ.

ವಿದ್ಯಾಗಿರಿ ಟೀಚರ್

ನೀವು ಹೇಳ್ತಿರುವುದು ಸ್ಪೆಕ್ಟ್ರಮ್ ನೋಡುವ ವಿಷಯ. ಅವರು ಕೇಳಿದ್ದು ಅದಲ್ಲ. ಅಲ್ಲೂ ಒಂದು ಮಾತಿದೆ. ಸೊನ್ನೆ ಹಾಕಿದರೆ ಗೆರೆ ನುಣುಪಾಗುತ್ತದೆ ಅಷ್ಟೇ. ಹತ್ತಿರದ ಎರಡು ತಂತಿಗಳನ್ನು ಬಿಡಿಸಿ ತೋರಿಸುವ ಶಕ್ತಿ ರೆಕಾರ್ಡಿಂಗ್ ಎಷ್ಟು ಹೊತ್ತು ಇದೆ ಅನ್ನೋದರಿಂದ ಬರುತ್ತದೆ. 10 ಸೆಕೆಂಡಿಗೆ ಅದು ಸುಮಾರು 0.1 ಹರ್ಟ್ಜ್. ನೂರು ಪಟ್ಟು ಸೊನ್ನೆ ಹಾಕಿದರೂ ಅದು ಬದಲಾಗಲ್ಲ. ಕನ್ವಲ್ಯೂಷನ್ನಿಗೆ L+M-1 ದಾಟಿದ ಮೇಲೆ ಹಾಕುವ ಸೊನ್ನೆಯಿಂದ ಉತ್ತರದಲ್ಲಿ ಏನೂ ಸುಧಾರಿಸಲ್ಲ. ಮೆಮೊರಿ ಮಾತ್ರ ಖರ್ಚು.

ಮಾಳಮಡ್ಡಿ ಸಿತಾರ್

ಮೇಡಂ, 551999 ಹಾಕಿ ಮಾಡಿದೆ. ಈಗ ಇನ್ನೊಂದು ವಿಚಿತ್ರ. `np.convolve` ಅನ್ನು ಊಟಕ್ಕೆ ಹೋಗುವಾಗ ಓಡಿಸಿಟ್ಟು ಅದರ ಉತ್ತರವನ್ನೂ ತೆಗೆದಿಟ್ಟುಕೊಂಡಿದ್ದೆ. ಎರಡನ್ನೂ ಕಳೆದು ನೋಡೋಣ ಅಂದರೆ ಉದ್ದವೇ ಹೊಂದಲ್ಲ ಅಂತ ಎರರ್. ಎಫ್‌ಎಫ್‌ಟಿಯದು 551998, ಒಂದು ಕಮ್ಮಿ. ಅದೊಂದನ್ನು ಬಿಟ್ಟು ಕಳೆದರೂ ಸೊನ್ನೆ ಬರ್ತಿಲ್ಲ. ಕೋಡ್ ಇದು:

```python
N = 551999
y = np.fft.irfft(np.fft.rfft(x, N) * np.fft.rfft(h, N))
```

ವಿದ್ಯಾಗಿರಿ ಟೀಚರ್

ಕೊನೆಯ ಆವರಣದೊಳಗೆ N ಬಿಟ್ಟುಹೋಗಿದೆ ನೋಡಿ. ಮೊದಲ ಸಲ ಹಾಕಿದ್ದಿರಿ.

`rfft` ಅರ್ಧ ಸ್ಪೆಕ್ಟ್ರಮ್ ಮಾತ್ರ ಕೊಡುತ್ತದೆ. 551999ಕ್ಕೆ 276000 ಬಿನ್. ವಾಪಸ್ ಬರುವಾಗ `irfft`ಗೆ ಮೂಲ ಉದ್ದ ಬೆಸವೋ ಸಮವೋ ಅಂತ ಗೊತ್ತಾಗಲ್ಲ. ನಾವು ಹೇಳದಿದ್ದರೆ ಸಮ ಅಂತಲೇ ಹಿಡಿದು 2 × (276000 - 1), ಅಂದರೆ 551998 ಕೊಡುತ್ತದೆ. ಒಂದು ಸ್ಯಾಂಪಲ್ ಕಳೆದುಹೋದದ್ದಷ್ಟೇ ಅಲ್ಲ, N ಬೇರೆಯಾದ್ದರಿಂದ ಎಲ್ಲ ಅಲೆಗಳೂ ಚೂರು ಚೂರು ಜರುಗುತ್ತವೆ. ಅದಕ್ಕೇ ಕಳೆದರೆ ಸೊನ್ನೆ ಬರಲಿಲ್ಲ. N ಸೇರಿಸಿ, ಸರಿಹೋಗುತ್ತದೆ.

ಇದೇ ಕಡೆ ಇನ್ನೊಂದು ಹಳ್ಳ ಇದೆ. `rfft(h, N)` ಒಳಗೆ N ಅನ್ನುವುದು hಗಿಂತ ಚಿಕ್ಕದಾದರೆ ಅದು ಎರರ್ ಕೊಡಲ್ಲ. ಸುಮ್ನೆ hನ ಬಾಲ ಕತ್ತರಿಸಿ ಮುಂದೆ ಹೋಗುತ್ತದೆ. ಒಂದು ಸೆಕೆಂಡಿನ ಸಣ್ಣ ತುಣುಕಿಗೆ ಒಂದೂವರೆ ಸೆಕೆಂಡಿನ ಮಾರ್ದನಿ ಹಾಕಲು ಹೋಗಿ `N = len(x)` ಅಂತ ಬರೆದರೆ, ಮೊದಲು ಬಾಲ ಕತ್ತರಿಸುತ್ತದೆ, ಉಳಿದದ್ದು ಸುತ್ತುತ್ತದೆ. ಎರಡು ತಪ್ಪು ಒಟ್ಟಿಗೆ.

ಕಿವಿಯ ಮೇಲೆ ಬಿಡೋದಕ್ಕಿಂತ ಒಂದು ಪರೀಕ್ಷೆ ಇಟ್ಟುಕೊಳ್ಳಿ. ಸಿತಾರ್ ಬದಲು ಪೂರ್ತಿ ಸೊನ್ನೆ ಇರುವ, ಕೊನೆಯ ಒಂದೇ ಒಂದು ಸ್ಯಾಂಪಲ್ 1 ಆಗಿರುವ ಸಿಗ್ನಲ್ ಹಾಕಿ.

```python
t = np.zeros(480000); t[-1] = 1
y = np.fft.irfft(np.fft.rfft(t, N) * np.fft.rfft(h, N), N)
print(np.abs(y[:479999]).max() / np.abs(h).max())
```

ಕೊನೆಯ ಸ್ಯಾಂಪಲ್ ಬರುವ ತನಕ ಉತ್ತರದಲ್ಲಿ ಏನೂ ಇರಬಾರದು. ಪ್ಯಾಡಿಂಗ್ ಸರಿ ಇದ್ದರೆ ಲೆಕ್ಕದ ದುಂಡಾಗಿಸುವಿಕೆಯಿಂದ ಬರುವ ತೀರಾ ಸಣ್ಣ ಸಂಖ್ಯೆ ಮಾತ್ರ ಕಾಣುತ್ತದೆ, 1e-15 ಆಸುಪಾಸು. ಸುತ್ತಿದ್ದರೆ ಅದಕ್ಕಿಂತ ಎಷ್ಟೋ ದೊಡ್ಡದು. ಕೊನೆಯ ಸ್ಯಾಂಪಲ್ಲೇ ಯಾಕೆ ಅಂದರೆ ಸುತ್ತುವ ಸಾಧ್ಯತೆ ಎಲ್ಲಕ್ಕಿಂತ ಜಾಸ್ತಿ ಇರುವುದು ಅದಕ್ಕೇ. ಅದು ಪಾಸಾದರೆ ಅದರ ಹಿಂದಿನ ಎಲ್ಲವೂ ಪಾಸ್.

ಕೆಲವರು ಉತ್ತರದ ಒಟ್ಟು ಮೊತ್ತ ಕೂಡಿಸಿ ತಾಳೆ ನೋಡುತ್ತಾರೆ. ಅದು ಇಲ್ಲಿ ಕೆಲಸಕ್ಕೆ ಬರಲ್ಲ. 1+3+6+9+7+4 ಕೂಡಿಸಿದರೆ 30. 8+7+6+9 ಕೂಡಿಸಿದರೂ 30. ಸುತ್ತಿ ಬಂದದ್ದು ಎಲ್ಲೂ ಕಳೆದುಹೋಗಲ್ಲ, ಜಾಗ ಮಾತ್ರ ಬದಲಾಗುತ್ತದೆ.

ಮಾಳಮಡ್ಡಿ ಸಿತಾರ್

N ಸೇರಿಸಿದೆ, 551999 ಬಂತು. `np.convolve` ಜೊತೆ ಕಳೆದರೆ ಏನೂ ಉಳಿಯಲಿಲ್ಲ. ಕೊನೆಯ ಸ್ಯಾಂಪಲ್ ಪರೀಕ್ಷೆಯೂ ಪಾಸ್. ಹಾಗೇ ಬೇಕಂತ 524288 ಹಾಕಿ ನೋಡಿದೆ. ಪ್ಲಾಟಿನಲ್ಲಿ 27711ನೇ ಸ್ಯಾಂಪಲ್ ತನಕ ಗೆರೆ ನಡುಗುತ್ತಿದೆ, ಅಲ್ಲಿಂದ ಮುಂದೆ ಚಪ್ಪಟೆ. ನೀವು ಹೇಳಿದ ಸಂಖ್ಯೆಗೇ ಬಂದು ನಿಂತಿತು!

ಉಣಕಲ್ ಕೆರೆ ದಂಡೆ

ಇಷ್ಟೆಲ್ಲಾ ಯಾಕೆ, `scipy.signal.fftconvolve` ಇದೆ. ಪ್ಯಾಡಿಂಗ್ ಅದೇ ನೋಡಿಕೊಳ್ಳುತ್ತೆ. `mode='same'` ಕೊಟ್ಟರೆ ಉತ್ತರವೂ xನಷ್ಟೇ ಉದ್ದ ಬರುತ್ತೆ, ಎಡಿಟ್ ಮಾಡೋಕೆ ಸುಲಭ.

ವಿದ್ಯಾಗಿರಿ ಟೀಚರ್

`fftconvolve` ಬಳಸೋದು ಒಳ್ಳೆಯದೇ, ನಾನೂ ಅದನ್ನೇ ಬಳಸೋದು. ಆದರೆ `same` ಇಲ್ಲಿ ಬೇಡ. ಅದು ಉತ್ತರದ ನಡುಭಾಗ ಎತ್ತಿ ಕೊಡುತ್ತದೆ. ನಿಮ್ಮ h 72000 ಇರುವುದರಿಂದ ಶುರುವಿನ 35999 ಸ್ಯಾಂಪಲ್ ಹೋಗುತ್ತವೆ, ಮುಕ್ಕಾಲು ಸೆಕೆಂಡ್. ಅರ್ಧ ಸೆಕೆಂಡ್ ಮೌನ, ಆಮೇಲಿನ ಮೊದಲ ಮೀಂಡಿನ ಒಂದು ಚೂರು, ಎರಡೂ ಮಾಯ. ಫೋಟೋ ಮಸುಕು ಮಾಡುವಾಗ ನಡುಭಾಗ ಬೇಕು, ಅಲ್ಲಿ ಅದು ಸರಿ. ಮಾರ್ದನಿಗೆ `full` ತೆಗೆದುಕೊಂಡು ಬೇಕಾದಷ್ಟು ನೀವೇ ಕತ್ತರಿಸಿ.

ಹಾವೇರಿ ಯಾಲಕ್ಕಿ

ಮೇಡಂ, ನನ್ನದೂ ಹೀಗೇ ಒಂದು ಇದೆ, ಹೇಳಲಾ? ನಮ್ಮೂರ ಭಜನೆ ರೆಕಾರ್ಡಿಂಗಲ್ಲಿ ಕರೆಂಟಿನ 50 ಹರ್ಟ್ಜ್ ಗುಂಯ್ ಅನ್ನೋ ಸದ್ದು ಸೇರಿಕೊಂಡಿದೆ. ಇದೂ 10 ಸೆಕೆಂಡಿನ ತುಣುಕು. 552960ಕ್ಕೆ ಸೊನ್ನೆ ತುಂಬಿ ಎಫ್‌ಎಫ್‌ಟಿ ಮಾಡಿ, 49ರಿಂದ 51 ಹರ್ಟ್ಜ್ ತನಕ ಇರುವ ಬಿನ್‌ಗಳನ್ನೆಲ್ಲ ಸೊನ್ನೆ ಮಾಡಿ ವಾಪಸ್ ತಂದೆ. ಪ್ಯಾಡಿಂಗ್ ಇದೆ, ಆದರೂ ಪ್ಯಾಡ್ ಮಾಡಿದ ಜಾಗದಲ್ಲಿ ಸೊನ್ನೆ ಉಳಿದಿಲ್ಲ. ಅಲ್ಲಿ ನಿಧಾನವಾಗಿ ಇಳಿಯುತ್ತಾ, ಮತ್ತೆ ಏರುತ್ತಾ ಒಂದು ಅಲೆ ಇದೆ. ತುಣುಕಿನ ಶುರುವಿನಲ್ಲೂ ಅದೇ. ನನಗೆ ಎಷ್ಟು ಸೊನ್ನೆ ಬೇಕು?

ವಿದ್ಯಾಗಿರಿ ಟೀಚರ್

ನಿಮ್ಮ ಪ್ರಶ್ನೆ ಇವರದ್ದಕ್ಕಿಂತ ಗಟ್ಟಿ. ನಿಮ್ಮ ಲೆಕ್ಕದಲ್ಲಿ M ಎಷ್ಟು ಅಂತ ಯೋಚಿಸಿ ನೋಡಿ.

ಸಿತಾರಿನವರ ಹತ್ತಿರ 72000 ಸ್ಯಾಂಪಲ್ಲಿನ ಒಂದು h ಕೈಯಲ್ಲಿತ್ತು. ನಿಮ್ಮ ಹತ್ತಿರ h ಇಲ್ಲ. ನೇರವಾಗಿ ಬಿನ್‌ಗಳ ಮೇಲೆ ಒಂದು ಮುಖವಾಡ ಹಾಕಿದ್ದೀರಿ: ಎಲ್ಲ ಕಡೆ 1, ಒಂದು ಕಡೆ 0. ಆ ಮುಖವಾಡವನ್ನೇ `irfft` ಮಾಡಿದರೆ ನಿಮಗೆ ಗೊತ್ತಿಲ್ಲದೆ ಬಳಸಿದ h ಕಾಣಿಸುತ್ತದೆ. ಅದು 552960 ಸ್ಯಾಂಪಲ್ ಪೂರ್ತಿ ಹರಡಿಕೊಂಡಿರುತ್ತದೆ. 0ಯ ಹತ್ತಿರ ದೊಡ್ಡದು, ಎರಡೂ ಕಡೆಗೆ 50 ಹರ್ಟ್ಜಿನಲ್ಲಿ ಅಲ್ಲಾಡುತ್ತಾ ಬಹಳ ನಿಧಾನವಾಗಿ ಸಣ್ಣದಾಗುತ್ತದೆ. 2 ಹರ್ಟ್ಜ್ ಅಗಲದ ಕಂಡಿಯನ್ನು ನೇರ ಅಂಚಿನಲ್ಲಿ ಕೊರೆದರೆ ಹೀಗೇ ಆಗೋದು. ಅಂದರೆ M ಅನ್ನುವುದು N ಅಷ್ಟೇ ಇದೆ. L+M-1 ಯಾವತ್ತೂ Nಗಿಂತ ದೊಡ್ಡದು. ನೀವು ಎಷ್ಟು ಸೊನ್ನೆ ಸೇರಿಸಿದರೂ ಮುಖವಾಡವೂ ಅಷ್ಟೇ ಬೆಳೆಯುತ್ತದೆ, ಯಾವತ್ತೂ ಸಾಕಾಗಲ್ಲ. ಪ್ಯಾಡ್ ಜಾಗದಲ್ಲಿ ಕಂಡ ಅಲೆ ಒಂದು ಕಡೆ ಕೊನೆಯಿಂದ ಚಾಚಿದ್ದು, ಇನ್ನೊಂದು ಕಡೆ ಶುರುವಿನಿಂದ ಹಿಂದಕ್ಕೆ ಚಾಚಿ ಸುತ್ತಿ ಬಂದದ್ದು. ಅದಕ್ಕೇ ಇಳಿದು ಮತ್ತೆ ಏರುತ್ತಿದೆ.

ದಾರಿ ಏನು ಅಂದರೆ, ಮೊದಲು hಗೆ ಒಂದು ಉದ್ದ ಕೊಡಿ. ಮುಖವಾಡವನ್ನು ಟೈಮಿಗೆ ತಂದು, ನಡುವಿಗೆ ಜರುಗಿಸಿ, ಎರಡೂ ಕಡೆ ಮೆಲ್ಲಗೆ ಸೊನ್ನೆಗೆ ಇಳಿಯುವ ಒಂದು ವಿಂಡೋ ಗುಣಿಸಿ ಕತ್ತರಿಸಿ. ಉದಾಹರಣೆಗೆ 96001 ಸ್ಯಾಂಪಲ್ ಇಟ್ಟುಕೊಳ್ಳಿ. ಈಗ M ಗೊತ್ತಾಯಿತು, 480000 + 96001 - 1 ಅಂದರೆ 576000ಕ್ಕೆ ಪ್ಯಾಡ್ ಮಾಡಿ. ಉತ್ತರ 48000 ಸ್ಯಾಂಪಲ್ ತಡವಾಗಿ ಬರುತ್ತದೆ, ಅಷ್ಟನ್ನು ಮುಂದಿನಿಂದ ತೆಗೆಯಿರಿ. ಕಂಡಿಯ ಅಂಚು ಮೊದಲಿನಷ್ಟು ಚೂಪಾಗಿರಲ್ಲ, ಅದು ಇದಕ್ಕೆ ಕೊಡಬೇಕಾದ ಬೆಲೆ.

ಒಂದೇ ಫ್ರೀಕ್ವೆನ್ಸಿ ತೆಗೆಯೋಕಾದರೆ ಎಫ್‌ಎಫ್‌ಟಿ ಬಿಟ್ಟು ಸಣ್ಣ ನಾಚ್ ಫಿಲ್ಟರ್ ಹಾಕೋದು ಎಷ್ಟೋ ಸಲೀಸು ಅಂತ ನನ್ನ ಅಭಿಪ್ರಾಯ.

ಹಾವೇರಿ ಯಾಲಕ್ಕಿ

ಮುಖವಾಡವನ್ನು `irfft` ಮಾಡಿ ಪ್ಲಾಟ್ ಹಾಕಿದೆ. ನೀವು ಹೇಳಿದ ಹಾಗೇ ಈ ತುದಿಯಿಂದ ಆ ತುದಿ ತನಕ ಇದೆ. ನಾಚ್ ಫಿಲ್ಟರೇ ನೋಡ್ತೇನೆ ಮೇಡಂ. 100 ಮತ್ತು 150 ಹರ್ಟ್ಜಿನಲ್ಲೂ ಗುಂಯ್ ಇದೆ, ಮೂರು ಹಾಕಬೇಕಾಗಬಹುದು.

ಮಾಳಮಡ್ಡಿ ಸಿತಾರ್

ಇನ್ನೊಂದು ಕೇಳ್ತೇನೆ. 10 ಸೆಕೆಂಡ್ ಆಯಿತು. ನನ್ನ ಹತ್ತಿರ 45 ನಿಮಿಷದ ಆಲಾಪ್ ಇದೆ. ಅದು ಸುಮಾರು 13 ಕೋಟಿ ಸ್ಯಾಂಪಲ್. ಅಷ್ಟು ದೊಡ್ಡ ಎಫ್‌ಎಫ್‌ಟಿಗೆ ನನ್ನ ಲ್ಯಾಪ್‌ಟಾಪ್ ತಡಕೊಳ್ಳಲ್ಲ.

ವಿದ್ಯಾಗಿರಿ ಟೀಚರ್

ತುಂಡು ಮಾಡಿ. ಇದಕ್ಕೆ ದಾರಿ ಎಫ್‌ಎಫ್‌ಟಿ ಬಂದ ಕಾಲದಿಂದಲೇ ಇದೆ. ಕೂಲಿ ಮತ್ತು ಟ್ಯೂಕಿ ಎಫ್‌ಎಫ್‌ಟಿ ಲೇಖನ ಬರೆದದ್ದು 1965ರಲ್ಲಿ. ಮರುವರ್ಷವೇ ಥಾಮಸ್ ಸ್ಟಾಕ್‌ಹ್ಯಾಮ್ ಅದರಿಂದ ಕನ್ವಲ್ಯೂಷನ್ ವೇಗವಾಗಿ ಮಾಡುವ ಬಗ್ಗೆ ಬರೆದರು. ಸಂಗೀತಗಾರರಿಗೆ ಖುಷಿಯಾಗುವ ವಿಷಯ, ಎನ್ರಿಕೊ ಕರುಸೊ ಅನ್ನುವ ಇಟಲಿಯ ಗಾಯಕನ ಹಳೇ ರೆಕಾರ್ಡುಗಳನ್ನು ಕಂಪ್ಯೂಟರಲ್ಲಿ ತಿಳಿಯಾಗಿಸಿದ್ದೂ ಇದೇ ಸ್ಟಾಕ್‌ಹ್ಯಾಮ್.

ನಿಮಗೆ N = 262144 ಅಂತ ಇಟ್ಟುಕೊಳ್ಳಿ. hಗಾಗಿ 71999 ಜಾಗ ಬಿಟ್ಟರೆ ಉಳಿಯುವುದು 190145. ಆಲಾಪನ್ನು ಅಷ್ಟಷ್ಟು ಉದ್ದದ ತುಂಡು ಮಾಡಿ, ಸುಮಾರು 4 ಸೆಕೆಂಡಿನವು. ಪ್ರತಿ ತುಂಡಿಗೆ ಸೊನ್ನೆ ತುಂಬಿ ಗುಣಿಸಿ. ಉತ್ತರದ ಕೊನೆಯ 71999 ಸ್ಯಾಂಪಲ್ ಮುಂದಿನ ತುಂಡಿನ ಶುರುವಿನ ಮೇಲೆ ಬರುತ್ತವೆ, ಅಲ್ಲಿ ಕೂಡಿಸಿ. hನ ಎಫ್‌ಎಫ್‌ಟಿ ಒಂದೇ ಸಲ ಮಾಡಿಟ್ಟುಕೊಂಡರೆ ಸಾಕು.

ಸೊನ್ನೆಯೇ ತುಂಬದ ಇನ್ನೊಂದು ವಿಧಾನವೂ ಇದೆ, ನನಗೆ ಅದು ಬಹಳ ಇಷ್ಟ. ಮೇಲಿನ 8 7 6 9 ಮತ್ತೆ ನೋಡಿ. ಸುತ್ತಿ ಕೆಟ್ಟದ್ದು ಮೊದಲಿನ ಎರಡೇ. 6 ಮತ್ತು 9 ಲೀನಿಯರ್ ಉತ್ತರದಲ್ಲಿ ಇದ್ದ ಹಾಗೇ ಇವೆ. ಯಾವಾಗಲೂ ಹೀಗೇ: ಕೆಡುವುದು ಮೊದಲಿನ M-1 ಮಾತ್ರ, ಉಳಿದದ್ದು ಪಕ್ಕಾ. ಹಾಗಾಗಿ ಪ್ರತಿ ತುಂಡನ್ನೂ ಹಿಂದಿನ ತುಂಡಿನ ಕೊನೆಯ 71999 ಸ್ಯಾಂಪಲ್ ಜೊತೆಗೆ ತೆಗೆದುಕೊಂಡು, ಸುತ್ತೋದನ್ನು ಸುತ್ತೋಕೆ ಬಿಟ್ಟು, ಬಂದ ಉತ್ತರದ ಮೊದಲ 71999 ಎಸೆದುಬಿಡುವುದು. ಮೊಟ್ಟಮೊದಲ ತುಂಡಿಗೆ ಹಿಂದೆ ಏನೂ ಇಲ್ಲ, ಅದರ ಶುರುವಿಗೆ ಸೊನ್ನೆ ಇಡಿ; ಕೊನೆಯ ಮಾರ್ದನಿ ಪೂರ್ತಿ ಬರಲು ಆಲಾಪಿನ ಕೊನೆಗೂ 71999 ಸೊನ್ನೆ ಇಡಿ. ಕೈಯಲ್ಲಿ ಬರೆಯೋಕೆ ಬೇಡ ಅನಿಸಿದರೆ `scipy.signal.oaconvolve` ಇದೆ, ಅದು ತುಂಡು ಮಾಡಿ ಕೂಡಿಸುವ ಮೊದಲನೇ ವಿಧಾನ.

ಬೆಟಗೇರಿ ಸೌಂಡ್ಸ್

ಲೆಕ್ಕ ಎಲ್ಲ ಒಪ್ಪಿದೆ. ಆದರೆ ಎಲ್ಲರೂ M 72000 ಅಂತ ಹಿಡಿದು ಕೂತಿದ್ದೀರಿ. ಅದು ಬಂದದ್ದು ಎಲ್ಲಿಂದ? ಇವರು ಅಲ್ಲಿ ರೆಕಾರ್ಡ್ ಬಟನ್ ಒತ್ತಿ ನಿಲ್ಲಿಸಿದರು, ಅದಕ್ಕೆ 72000. ಮಂಟಪಕ್ಕೆ ಆ ಸಂಖ್ಯೆ ಗೊತ್ತಿಲ್ಲ. ಧಾರವಾಡದಲ್ಲಿ ಹಗಲು ಹೊತ್ತು ಅಂದರೆ ಹೊರಗೆ ಬಸ್ಸು, ಆಟೋ. ಬಲೂನಿನ ಸದ್ದು ಒಂದು ಸೆಕೆಂಡಿಗೇ ಆ ಗದ್ದಲದೊಳಗೆ ಮುಳುಗಿರುತ್ತದೆ. ಉಳಿದ ಅರ್ಧ ಸೆಕೆಂಡ್ ಬರೀ ರಸ್ತೆ ಸದ್ದು. ಅದನ್ನು ಪ್ರತಿ ಪೆಟ್ಟಿನ ಹಿಂದೆ ಅಂಟಿಸ್ತಿದ್ದೀರಿ. ಒಂದು ಸೆಕೆಂಡಿಗೆ ಫೇಡ್ ಮಾಡಿ ಕತ್ತರಿಸಿ ಅಂತ ನನ್ನ ಮಾತು.

ಮಾಳಮಡ್ಡಿ ಸಿತಾರ್

h ಒಂದನ್ನೇ ಕೇಳಿದೆ ಅಣ್ಣಾ. ಕೊನೆಯಲ್ಲಿ ಒಂದು ಹಾರ್ನ್ ಇದೆ, ತೀರಾ ಸಣ್ಣಗೆ. ಆದರೆ ಒಂದು ಸೆಕೆಂಡಿಗೆ ಕತ್ತರಿಸಿದರೆ ಖರಜದ ತಂತಿಯ ಮಾರ್ದನಿ ಬೇಗ ಮುಗಿದ ಹಾಗೆ ಅನಿಸುತ್ತದೆ. ಆ ಮಂಟಪದಲ್ಲಿ ಕೂತು ನುಡಿಸಿದವರಿಗೆ ಅದು ಗೊತ್ತಾಗುತ್ತದೆ.

ವಿದ್ಯಾಗಿರಿ ಟೀಚರ್

ಇದು ನ್ಯಾಯವಾದ ಪ್ರಶ್ನೆ, L+M-1 ಇದಕ್ಕೆ ಉತ್ತರ ಕೊಡಲ್ಲ. ನಾವು ಯಾವ h ಕೊಟ್ಟರೂ ಅದಕ್ಕೆ ಸರಿಯಾದ ಕನ್ವಲ್ಯೂಷನ್ ಸಿಗುವಂತೆ ಮಾಡೋದಷ್ಟೇ ಪ್ಯಾಡಿಂಗಿನ ಕೆಲಸ. ಆ h ಮಂಟಪದ್ದೇ ಹೌದಾ ಅನ್ನೋದು ಬೇರೆ.

ಕೆಳಗಿನ ಸ್ವರಗಳ ಮಾರ್ದನಿ ಮೇಲಿನವಕ್ಕಿಂತ ನಿಧಾನವಾಗಿ ಅಡಗೋದು ಸಾಮಾನ್ಯ, ಹಾಗಾಗಿ ಖರಜದ ಬಗ್ಗೆ ಅವರು ಹೇಳಿದ್ದು ನಿಜ ಇರಬಹುದು. ಬಲೂನಿನಲ್ಲಿ ಆ ಕೆಳಗಿನ ಭಾಗ ಎಷ್ಟು ಚೆನ್ನಾಗಿ ಸಿಕ್ಕಿದೆ ಅನ್ನೋದು ಮಾತ್ರ ನನಗೆ ಅನುಮಾನ. ಸಣ್ಣ ಬಲೂನಿನಲ್ಲಿ ಕೆಳಗಿನ ಸ್ವರಗಳ ಬಲ ಕಮ್ಮಿ ಇರುತ್ತದೆ, ಗದ್ದಲ ಮೊದಲು ನುಂಗೋದು ಅದನ್ನೇ. ರಾತ್ರಿ ಹೊತ್ತು, ಸ್ಪೀಕರಿನಿಂದ ಕೆಳಗಿನಿಂದ ಮೇಲಕ್ಕೆ ಏರುವ ಒಂದು ಉದ್ದದ ಸ್ವರ ಬಿಟ್ಟು ರೆಕಾರ್ಡ್ ಮಾಡಿದರೆ ಇನ್ನೂ ಒಳ್ಳೆಯ h ಸಿಗುತ್ತದೆ. ಅಲ್ಲಿ ಗುಣಾಕಾರದ ಬದಲು ಸ್ಪೆಕ್ಟ್ರಮ್‌ಗಳ ಭಾಗಾಕಾರ. ಸ್ವರ ನಿಂತ ಮೇಲೂ ಮಾರ್ದನಿ ಪೂರ್ತಿ ಅಡಗುವ ತನಕ ರೆಕಾರ್ಡಿಂಗ್ ಬಿಟ್ಟಿರಬೇಕು, ಎರಡನ್ನೂ ಆ ಪೂರ್ತಿ ಉದ್ದಕ್ಕೆ ಪ್ಯಾಡ್ ಮಾಡಬೇಕು. ಬೇಗ ನಿಲ್ಲಿಸಿದರೆ ಭಾಗಾಕಾರದಲ್ಲೂ ಇದೇ ಸುತ್ತಾಟ ತೊಂದರೆ ಕೊಡುತ್ತದೆ.

ಬೆಟಗೇರಿ ಸೌಂಡ್ಸ್

ಸ್ಪೀಕರ್ ನಾನು ತರ್ತೇನೆ. ಬಾಗಿಲು ತೆಗೆಸೋದು ನೀವು ನೋಡಿಕೊಳ್ರಿ. ಒಂದು ಸೆಕೆಂಡೋ ಒಂದೂವರೆಯೋ ಅಲ್ಲೇ ಗೊತ್ತಾಗುತ್ತದೆ, ಆದರೆ ನನ್ನ ಪಂದ್ಯ ಒಂದು ಸೆಕೆಂಡಿಗೇ.

ಮಾಳಮಡ್ಡಿ ಸಿತಾರ್

ಮಂಟಪದವರ ಹತ್ತಿರ ಕೇಳಿ ಇಲ್ಲೇ ತಿಳಿಸ್ತೇನೆ. ಸದ್ಯಕ್ಕೆ 10 ಸೆಕೆಂಡಿನ ತುಣುಕನ್ನು 72000 ಮತ್ತು 48000, ಎರಡೂ hಗಳಲ್ಲಿ ಮಾಡಿ ಹಾಕ್ತೇನೆ. ಎರಡನೆಯದಕ್ಕೆ N ಕನಿಷ್ಠ 527999 ಬೇಕು, ಅಲ್ವಾ ಮೇಡಂ?

ವಿದ್ಯಾಗಿರಿ ಟೀಚರ್

ಹೌದು. 524288 ಅದಕ್ಕೂ ಸಾಲಲ್ಲ, 3711 ಕಮ್ಮಿ ಬೀಳುತ್ತದೆ.